ಇಮಾಮಹುಸೇನ ಸಫೇದ ಬಿಟ್ಟದ್ದು

ನಮ್ಮ ಶಲವಡಿಯಲ್ಲಿ ಮದುವೆಯ ಟ್ರಂಕಿಗೆ ಹೂವು ಬರೆಯುವವನು, ಚಕ್ಕಡಿಗೆ ಬಣ್ಣ ಹಚ್ಚುವವನು, ಎತ್ತಿನ ಕೋಡಿಗೆ ರಂಗು ಬಳಿಯುವವನು, ಊರ ನಾಟಕಕ್ಕೆ ಮೇಕಪ್ ಮಾಡುವವನು ಎಂದು ನಾಲ್ಕು ಜನ ಇರಲಿಲ್ಲ. ನಾಲ್ಕೂ ಇಮಾಮಹುಸೇನ ಒಬ್ಬನೇ. ಕೆಲಸಕ್ಕೊಂದು ಬ್ರಷ್ಷು ಬೇರೆ ಇಟ್ಟಿದ್ದೇನೆ ಎಂದು ಅವನು ಆಣೆ ಮಾಡಿ ಹೇಳುತ್ತಿದ್ದ. ನಾನು ಒಮ್ಮೆ ಕುಂತಿಯ ಮುಖದ ಮೇಲೆ ಎತ್ತಿನ ಕೂದಲು ಕಂಡವನು, ಹಾಗಾಗಿ ಹೆಚ್ಚು ಕೇಳಲು ಹೋಗಲಿಲ್ಲ.

ನಾನು ಊರ ಸಾಲೆಯ ಮಾಸ್ತರ. ನಾಟಕ ಬರೆಯುವವನೂ ನಾನೇ, ಸೈಡ್ ವಿಂಗಿನಲ್ಲಿ ಕೂತು ಮಾತು ಎತ್ತಿಕೊಡುವವನೂ ನಾನೇ. ಇಲ್ಲಿ ಹೇಳುವ ಎರಡು ವರ್ಷವೂ ಆಡಿದ್ದು ನನ್ನದೇ ಒಂದು ಹಳೆಯ ನಾಟಕ, ಸುತ್ತಿನ ಊರವರೂ ಆಡುತ್ತಿದ್ದದ್ದು. ಮನೆಯಿಂದ ಹೊರಗೆ ಹಾಕಿಸಿಕೊಂಡ ಸೊಸೆಯ ಕಥೆ. ಹೆತ್ತವರಿಗೆ ಹೆಗ್ಗಣ ಮುದ್ದು, ಆದ್ದರಿಂದ ಅದರ ಗುಣಾವಗುಣ ಇಲ್ಲಿ ಬೇಡ.

ಆಗಿನ ಮೇಕಪ್ಪು ದೊಡ್ಡ ವಿದ್ಯೆಯೇನಲ್ಲ. ಸಫೇದ ಎಂಬ ಬಿಳಿ ಪುಡಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಮುಖಕ್ಕೆ ಬಳಿಯುವುದು. ಅದೇ ಸಫೇದಕ್ಕೆ ಚಿಟಿಕೆ ಕೆಂಪು ಬೆರೆಸಿ ಗುಲಾಬಿ ಮಾಡಿ ಕೆನ್ನೆಗೆ ಎರಡು ದುಂಡು ಇಡುವುದು. ಕಾಡಿಗೆಯಿಂದ ಹುಬ್ಬು ತೀಡಿ, ಮೇಲೆ ಪೌಡರ್ ಹೊಡೆದರೆ ಮುಗಿಯಿತು. ನಮ್ಮದು ಕಪ್ಪು ಮಣ್ಣಿನ ಎರೆ ಭೂಮಿ, ನಾವೂ ಹೆಚ್ಚುಕಡಿಮೆ ಅದೇ ಬಣ್ಣದವರು. ಆದರೂ ರಾಜ ರಾಣಿಯರು ಬೆಳ್ಳಗಿರುತ್ತಾರೆ ಎಂದು ಊರಿಗೆ ಊರೇ ನಂಬಿತ್ತು. ಆ ರಾಜ ರಾಣಿಯರನ್ನು ಯಾರೂ ನೋಡಿರಲಿಲ್ಲ. ಎರಡು ಗ್ಯಾಸ್ ಬತ್ತಿಯ ಹಳದಿ ಬೆಳಕಿನಲ್ಲಿ ಸಫೇದ ಹೇಗೋ ಚರ್ಮದ ಹಾಗೇ ಕಾಣುತ್ತಿತ್ತು, ಹಿಂದೆ ಕೂತವರಿಗೆ ಮುಖವೇ ಕಾಣುತ್ತಿರಲಿಲ್ಲ. ಇಪ್ಪತ್ತು ವರ್ಷ ಹೀಗೇ ನಡೆಯಿತು.

ಎಪ್ಪತ್ಮೂರರಲ್ಲಿ ಊರಿಗೆ ಕರೆಂಟು ಬಂತು. ಮರುವರ್ಷದ ನಾಟಕಕ್ಕೆ ಕುಬೇರಪ್ಪನವರು ಎಂಟು ಟ್ಯೂಬ್ ಲೈಟು ತರಿಸಿದರು. ಕುಬೇರಪ್ಪನವರು ಎಂದರೆ ನಾಟಕ ಕಮಿಟಿಯ ಅಧ್ಯಕ್ಷರು, ಎಂಬತ್ತು ಎಕರೆಯ ಸಾವಕಾರರು, ವಯಸ್ಸು ನಲವತ್ತೇಳಾದರೂ ಪ್ರತಿ ವರ್ಷ ನಾಯಕನ ಪಾರ್ಟು ಅವರದೇ. ನಾಯಕಿಯನ್ನು ಮಾತ್ರ ಹುಬ್ಬಳ್ಳಿಯಿಂದ ಕರೆಸುತ್ತಿದ್ದೆವು. ಆ ವರ್ಷ ಬರಬೇಕಾದ ನಾಯಕಿಗೆ ಜ್ವರ ಎಂದು ಮಧ್ಯಾಹ್ನ ಸುದ್ದಿ ಬಂತು. ದಾಸಿಯ ಪಾರ್ಟಿಗೆಂದು ಗದಗಿನಿಂದ ಬಂದಿದ್ದ ಗುರವ್ವನಿಗೆ ನಾಯಕಿಯ ಮಾತು, ಹಾಡು ಎಲ್ಲಾ ಬಾಯಿಗೆ ಬರುತ್ತಿತ್ತು. ಎಂಟು ವರ್ಷ ದಾಸಿ, ರಾಕ್ಷಸಿ, ಖಳನಾಯಕನ ತಾಯಿ ಆಗಿ ಬೇರೆಯವರ ಹಾಡು ಕೇಳಿ ಕೇಳಿ ಕಲಿತವಳು. ಕಂಠ ಅಗದಿ ಚೊಕ್ಕ. ಬಣ್ಣ ಕಪ್ಪು, ನಮ್ಮೆಲ್ಲರಿಗಿಂತ ಒಂದು ಕೈ ಹೆಚ್ಚು. ಎಂಟು ವರ್ಷ ದಾಸಿಯಾಗಿದ್ದಕ್ಕೆ ಬೇರೆ ಕಾರಣ ಇರಲಿಲ್ಲ.

ಇವಳನ್ನೇ ನಿಲ್ಲಿಸುವುದು ಎಂದಾಯಿತು. ಇಮಾಮಹುಸೇನ ಅವಳನ್ನು ನಾಯಕಿಯ ಬಣ್ಣಕ್ಕೆ ತರಲು ಎರಡು ಕೈ ಸಫೇದ ಹೆಚ್ಚು ಹಾಕಿದ. ಗುಲಾಬಿಯನ್ನೂ ದಪ್ಪ ಇಟ್ಟ. ಪೌಡರನ್ನು ಮುಕ್ಕಾಲು ಡಬ್ಬಿ ಹೊಡೆದ. ಪರದೆ ಎದ್ದಿತು, ಎಂಟು ಟ್ಯೂಬ್ ಲೈಟು ಹೊತ್ತಿದವು.

ಕಪ್ಪಿನ ಮೇಲೆ ಬಿಳಿ ಕೂತರೆ ಬಿಳಿ ಆಗುವುದಿಲ್ಲ, ಬೂದಿ ಆಗುತ್ತದೆ ಎಂಬುದು ನಮಗೆಲ್ಲ ಅಂದೇ ಗೊತ್ತಾದದ್ದು. ಕೆನ್ನೆಯ ಗುಲಾಬಿ ಆ ನೀಲಿ ಬೆಳಕಿನಲ್ಲಿ ಗೋಡೆಯ ಸುಣ್ಣ ಉದುರಿದ ತೇಪೆಯ ಹಾಗಿತ್ತು. ಮುಖ ಒಂದು ಬಣ್ಣ, ಕತ್ತು ಒಂದು, ಕೈ ಒಂದು. ಗುರವ್ವ ಮೊದಲ ಹಾಡು ಎತ್ತಿದಾಗ ಯಾರೋ ಹಿಂದಿನಿಂದ, ಸುಡಗಾಡದಿಂದ ಎದ್ದು ಬಂದಾಳಲೇ ಎಂದ. ಮೂರನೆಯ ಅಂಕದಲ್ಲಿ ಅವಳು ನಿಜವಾಗಿ ಅತ್ತಳು, ಪಾರ್ಟಿಗಾಗಿಯೋ ತನಗಾಗಿಯೋ ಶಿವನೇ ಬಲ್ಲ. ಕಣ್ಣೀರು ಎರಡು ಕರಿ ಗೆರೆ ಎಳೆದುಕೊಂಡು ಇಳಿಯಿತು. ನಾನು ಬರೆದ ಅತಿ ದುಃಖದ ದೃಶ್ಯಕ್ಕೆ ಸಾವಿರ ಜನ ಹೊಟ್ಟೆ ಹಿಡಿದು ನಕ್ಕರು. ಸೈಡ್ ವಿಂಗಿನಲ್ಲಿ ನಾನೂ ನಕ್ಕೆ. ಇವತ್ತಿಗೂ ಅದನ್ನು ನೆನೆದರೆ ನನಗೆ ನಾಚಿಕೆಯಾಗುತ್ತದೆ.

ಗುರವ್ವ ನಾಟಕ ಮುಗಿಸಿದಳು, ಅರ್ಧಕ್ಕೆ ಬಿಡಲಿಲ್ಲ. ಮುಖ ತೊಳೆದುಕೊಂಡು ಗಂಟು ಕಟ್ಟಿದಳು. ಹೊರಡುವಾಗ ಇಮಾಮಹುಸೇನನ ಮುಂದೆ ನಿಂತಳು.

"ಸಾಬರ, ನನ್ನ ಮಖದ ಮ್ಯಾಲ ಇನ್ಯಾರದೋ ಮಖಾ ಬರದ್ರಿ. ಅದಕ್ಕ ನಕ್ಕಿದ್ದಕ್ಕ ನನಗ ಸಿಟ್ಟಿಲ್ಲ. ಆ ಮಖದ ಕೆಳಗ ನಾ ಇದ್ದೆ, ಅಷ್ಟ."

ಅವನು ಸಫೇದದ ಡಬ್ಬಿಗೆ ಮುಚ್ಚಳ ಹಾಕಿದ.

ಒಂದು ತಿಂಗಳು ಇಮಾಮಹುಸೇನ ಟ್ಯೂಬ್ ಲೈಟನ್ನು ಬೈದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಹೇಳಿದೆ. ಅದು ಅವನಿಗೆ ನಾಟಿತು ಎಂದು ಕಾಣುತ್ತದೆ, ಎಂಟು ದಿನ ಮಾತು ಬಿಟ್ಟ. ಒಂಬತ್ತನೆಯ ದಿನ ಬಂದು ನನ್ನನ್ನು ಮನೆಗೆ ಕರೆದೊಯ್ದು ಅಂಗಳದಲ್ಲಿ ಒಂದು ಟ್ರಂಕು ತೋರಿಸಿದ. ಯಾರದೋ ಮಗಳ ಮದುವೆಯದು, ಕಪ್ಪು ಬಣ್ಣ ಬಳಿದಿತ್ತು. ಎಡಗಡೆ ಸಫೇದ ಬೆರೆಸಿದ ಗುಲಾಬಿ ಹೂವು, ಬಲಗಡೆ ಬರೀ ಕೆಂಪಿನ ಹೂವು. ದೂರ ಹೋಗಿ ನೋಡಿರಿ ಎಂದ. ದೂರದಿಂದ ಎಡಗಡೆಯದು ಸುಣ್ಣದ ಹನಿ ಬಿದ್ದ ಹಾಗೆ ಕಂಡಿತು. ಬಲಗಡೆಯ ಹೂವು ಕಪ್ಪಿನೊಳಗಿನಿಂದ ಅರಳಿದಂತಿತ್ತು. ಇಪ್ಪತ್ತು ವರ್ಷ ಟ್ರಂಕಿಗೆ ಕೆಂಪನ್ನೇ ಹಚ್ಚುತ್ತ ಬಂದವನು ಮನುಷ್ಯರಿಗೆ ಮಾತ್ರ ಸಫೇದ ಯಾಕೆ ಹಚ್ಚಿದೆ ಎಂದು ಅವನು ತನ್ನನ್ನೇ ಕೇಳಿಕೊಂಡ. ತಗಡಿಗೆ ಇದ್ದ ಮರ್ಯಾದೆ ನಮಗೆ ಇರಲಿಲ್ಲ ಎಂದು ನಾನು ಹೇಳಿದೆ.

ಎರಡನೆಯ ಪಾಠ ಹೇಳಿಕೊಟ್ಟವಳು ಅವನ ಹೆಂಡತಿ ಶಮೀಮಾಬಿ, ಅವಳಿಗೆ ಅದು ಗೊತ್ತಿರಲಿಲ್ಲ. ಅವಳದೂ ಗುರವ್ವನದೇ ಬಣ್ಣ. ಒಂದು ಮಧ್ಯಾಹ್ನ ಅವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಾಗ ಇವನು ಬಾಗಿಲಲ್ಲಿ ನಿಂತು ನೋಡಿದನಂತೆ. ಬೆಂಕಿಯ ಕಾವಿಗೆ ಕೆನ್ನೆಯೊಳಗೆ ರಕ್ತ ಏರಿತ್ತು. ಅದು ಗುಲಾಬಿ ಇರಲಿಲ್ಲ, ಸುಟ್ಟ ಇಟ್ಟಂಗಿಗೆ ಒಂದಿಷ್ಟು ನೇರಳೆ ಹಣ್ಣಿನ ರಸ ಹಾಕಿದ ಹಾಗಿತ್ತು. ಬೆವರು ಕೂತ ಕಡೆ, ಕೆನ್ನೆಯ ಎಲುಬಿನ ಮೇಲೆ, ಮೂಗಿನ ದಂಡೆಯ ಮೇಲೆ ಬೆಳಕು ಹೊಳೆಯುತ್ತಿತ್ತು. ಆ ಹೊಳಪೂ ಬಿಳಿ ಇರಲಿಲ್ಲ. ತಿಕ್ಕಿದ ತಾಮ್ರದ ಕೊಡದ ಬಣ್ಣ. ಇಪ್ಪತ್ತೆರಡು ವರ್ಷ ಜೊತೆಗಿದ್ದ ಹೆಂಡತಿಯ ಮುಖವನ್ನು ಅವನು ಅಂದೇ ಮೊದಲ ಸಲ ನೋಡಿದ್ದು ಎಂದು ನನಗೆ ಅನಿಸುತ್ತದೆ. ಅವಳಿಗೆ ಹೇಳಿದನೇ ಎಂದರೆ, ಇಲ್ಲ. ರೊಟ್ಟಿ ಸೀದೀತು ಎಂದನಂತೆ.

ಆಮೇಲೆ ಪ್ರಯೋಗ ಶುರುವಾಯಿತು. ಹೊಳಪಿಗೆ ಅಭ್ರಕ, ಅಂದರೆ ಕಾಗೆಬಂಗಾರ, ಬೇಕು ಎಂದು ಅಣ್ಣಿಗೇರಿಯ ಗಂಧಿಗೆ ಅಂಗಡಿಯಿಂದ ಹಾಳೆ ಹಾಳೆಯಾಗಿ ತಂದು ಕಲ್ಲಿನಲ್ಲಿ ಅರೆದ. ಮೊದಲ ಸಲ ದಪ್ಪಗೆ ಉಳಿಯಿತು, ಹಚ್ಚಿದರೆ ಶಮೀಮಾಬಿಯ ಕೆನ್ನೆಗೆ ಗಾಜಿನ ಚೂರು ಮೆತ್ತಿದಂತಾಯಿತು. ನೀರು ಹಾಕಿ ಅರೆದು, ಮಲ್ಲು ಬಟ್ಟೆಯಲ್ಲಿ ಮೂರು ಸಲ ಸೋಸಿದ. ಈಗ ನುಣ್ಣಗಾಯಿತು, ಆದರೆ ಬರೀ ಅಭ್ರಕದ ಹೊಳಪು ಬೆಳ್ಳಿಯದು. ಕಪ್ಪು ಕೆನ್ನೆಯ ಮೇಲೆ ಅದು ಮತ್ತೆ ಬೂದಿಯೇ, ಹೊಳೆಯುವ ಬೂದಿ. ಮೀನಿನ ಪೊರೆ ಅಂಟಿದ ಹಾಗಿದೆ ಎಂದು ಶಮೀಮಾಬಿ ಕನ್ನಡಿ ನೋಡಿ ಹೇಳಿದಳು. ಬಂಗಾರದ ಬಣ್ಣ ಬೇಕಲ್ಲ ಎಂದು ಟ್ರಂಕಿಗೆ ಹಾಕುವ ಹಿತ್ತಾಳೆ ಪುಡಿಯನ್ನು ಒಂದು ದಿನ ಹಚ್ಚಿದ. ಸಂಜೆಯೊಳಗೆ ಕೆನ್ನೆ ಹಸಿರಾಗಿ ತುರಿಕೆ ಎದ್ದಿತು. ಶಮೀಮಾಬಿ ನಾಲ್ಕು ದಿನ ಮಾತು ಬಿಟ್ಟಳು, ಐದನೆಯ ದಿನ ಉಪ್ಪಿಲ್ಲದ ಸಾರು ಮಾಡಿದಳು. ಹಿತ್ತಾಳೆ ಅಲ್ಲಿಗೆ ನಿಂತಿತು.

ಇನ್ನೊಂದು ತೊಡಕು ಇತ್ತು. ಹಗಲಿನಲ್ಲಿ ಚೆನ್ನಾಗಿ ಕಂಡ ಬಣ್ಣ ಟ್ಯೂಬ್ ಲೈಟಿನ ಕೆಳಗೆ ಹೇಗೆ ಕಾಣುತ್ತದೆ ಎಂದು ನೋಡಬೇಕಲ್ಲ. ಊರಲ್ಲಿ ಹಗಲೂ ಟ್ಯೂಬ್ ಲೈಟು ಉರಿಯುವ ಜಾಗ ಒಂದೇ, ಈರಬಸಪ್ಪನ ಹಿಟ್ಟಿನ ಗಿರಣಿ. ಒಳಗೆ ಅಷ್ಟು ಕತ್ತಲು. ಹೀಗಾಗಿ ವಾರಕ್ಕೊಮ್ಮೆ ಇಮಾಮಹುಸೇನ ಹೆಂಡತಿಯನ್ನು ಕರೆದುಕೊಂಡು ಗಿರಣಿಗೆ ಹೋಗತೊಡಗಿದ. ಕೈಯಲ್ಲಿ ಜೋಳದ ಚೀಲ ಇಲ್ಲ, ಗೋಧಿಯ ಡಬ್ಬಿ ಇಲ್ಲ. ಅವಳನ್ನು ಟ್ಯೂಬ್ ಲೈಟಿನ ಕೆಳಗೆ ನಿಲ್ಲಿಸಿ, ನಾಲ್ಕು ಮಾರು ದೂರ ಹೋಗಿ, ಹಿಟ್ಟು ಬೀಸುವಷ್ಟು ಹೊತ್ತು ಅವಳ ಮುಖ ನೋಡುತ್ತ ನಿಲ್ಲುತ್ತಿದ್ದ. ಈ ವಯಸ್ಸಿನಲ್ಲಿ ಇದೆಂಥ ಪ್ರೀತಿ ಎಂದು ಗಿರಣಿಗೆ ಬಂದ ಹೆಂಗಸರು ಸೆರಗು ಬಾಯಿಗೆ ಹಿಡಿದರು. ಕೆಲವರ ಮನೆಯಲ್ಲಿ ಇದರಿಂದ ಜಗಳವೂ ಆಯಿತು, ಗಂಡಂದಿರು ಗಿರಣಿಗೆ ಬರುವುದಿಲ್ಲ ಎಂದು. ಹೆಚ್ಚು ಹೊತ್ತು ನಿಂತರೆ ಹಿಟ್ಟಿನ ಧೂಳು ಮುಖಕ್ಕೆ ಕೂತು, ಮಾಡಿದ್ದೆಲ್ಲ ಮತ್ತೆ ಸಫೇದ ಬಳಿದ ಹಾಗೆ ಕಾಣುತ್ತಿತ್ತು. ಪೌಡರ್ ಹೊಡೆದರೆ ಏನಾಗುತ್ತದೆ ಎಂದು ಇಮಾಮಹುಸೇನನಿಗೆ ಹೀಗೆ ಬಿಟ್ಟಿಯಾಗಿ ತಿಳಿಯಿತು.

ಕೆನ್ನೆಯ ಕೆಂಪಿಗೆ ಅವನು ಕುಂಕುಮ ಹಿಡಿದ. ನಮ್ಮ ಮನೆಯಿಂದಲೇ ಒಯ್ದ. ಅದಕ್ಕೆ ಎರಡು ಬೆರಳು ಕಾಡಿಗೆ ಸೇರಿಸಿ ಎಣ್ಣೆಯಲ್ಲಿ ಕಲಸಿ ಕೆನ್ನೆಯ ಗುಳಿಯಲ್ಲಿ ಹಚ್ಚಿದ. ಅಂಗಳದಲ್ಲಿ ಅದು ನೇರಳೆಗೆಂಪಾಗಿ ಚೆನ್ನಾಗಿತ್ತು. ಗಿರಣಿಗೆ ಹೋದರೆ, ಟ್ಯೂಬ್ ಲೈಟು ಕೆಂಪನ್ನು ನುಂಗಿ ಕಪ್ಪನ್ನಷ್ಟೇ ಉಳಿಸಿತು. ಈರಬಸಪ್ಪ ಪಟ್ಟಾ ಕಳಚಿ ಗಿರಣಿಯನ್ನೇ ನಿಲ್ಲಿಸಿ ಹೊರಗೆ ಬಂದ. ಅವನು ಮಾತಾಡುವವನೇ ಅಲ್ಲ, ಅಂದು ಮಾತಾಡಿದ.

"ಇಮಾಮಾ, ಹೆಣ್ಣಮಗಳ ಮ್ಯಾಲ ಕೈ ಎತ್ತೂದು, ಮ್ಯಾಲ ಊರಿಗೆ ತೋರಸಾಕ ಕರಕೊಂಡು ಬರೂದು. ನಾಚಿಕಿ ಆಗಂಗಿಲ್ಲೇನು ನಿನಗ?"

ಇಮಾಮಹುಸೇನ ಬೆರಳಿನಿಂದ ಒರೆಸಿ ತೋರಿಸಿದ. ಈರಬಸಪ್ಪ ಆ ಬೆರಳನ್ನೂ ಅವಳ ಕೆನ್ನೆಯನ್ನೂ ನೋಡಿ, ನಂಬದೆ ಒಳಗೆ ಹೋದ. ಊರಿಗೆ ಸುದ್ದಿ ಮಾತ್ರ ಮೊದಲಿನದೇ ಹರಡಿತು. ಶಮೀಮಾಬಿಯ ಅಣ್ಣ ತಿರ್ಲಾಪುರದಿಂದ ವಿಚಾರಿಸಲು ಬಂದು, ಎರಡು ದಿನ ಇದ್ದು, ಊಟ ಮಾಡಿ ಹೋದ.

ಆದರೆ ಆ ಬೈಗುಳದಿಂದ ಕೆಲಸವಾಯಿತು. ಕಾಡಿಗೆಯನ್ನು ಬ್ರಷ್ಷಿನ ತುದಿಯಷ್ಟಕ್ಕೆ ಇಳಿಸಿ, ಅದರ ಜಾಗಕ್ಕೆ ಕಾವಿಮಣ್ಣು ಹಾಕಿದ, ಮನೆಯ ಗೋಡೆಗೆ ಬಳಿಯುವ ಆ ಕೆಂಪು ಮಣ್ಣು, ನುಣ್ಣಗೆ ಸೋಸಿದ್ದು. ಕಿತ್ತಳೆಯತ್ತ ವಾಲುವ ಆ ಕೆಂಪು ಟ್ಯೂಬ್ ಲೈಟಿಗೂ ಸೋಲಲಿಲ್ಲ. ಬೆಳ್ಳಗಿನವರ ಕೆನ್ನೆಗೆ ಅದನ್ನು ಹಚ್ಚಿದರೆ ಬಹುರೂಪಿಯಾದಾರು, ಅಷ್ಟು ಗಾಢ. ಕಪ್ಪು ಕೆನ್ನೆಯಲ್ಲಿ ಅದು ಇಳಿದು ರಕ್ತವೇ ಆಯಿತು. ಗುಳಿಯಲ್ಲಿ ಹಚ್ಚುವುದನ್ನೂ ಬಿಟ್ಟ. ನಕ್ಕರೆ ಎಲ್ಲಿ ಉಬ್ಬುತ್ತದೋ ಅಲ್ಲಿ ಇಟ್ಟು, ಎಣ್ಣೆ ಬೆರಳಿನಿಂದ ಕಿವಿಯ ಕಡೆಗೆ ಎಳೆದು, ಅಂಚು ಎಲ್ಲಿ ಮುಗಿಯಿತು ಎಂದು ತಿಳಿಯದಂತೆ ಮಾಡಿದ. ಅಭ್ರಕವನ್ನು ಅರಿಸಿನ ಮತ್ತು ಕಾವಿಯ ಜೊತೆ ಎಣ್ಣೆಯಲ್ಲಿ ದಿನಗಟ್ಟಲೆ ಅರೆದು ತಾಮ್ರದ ಬಣ್ಣಕ್ಕೆ ತಂದ. ಅದನ್ನು ಕೆಂಪಿನ ಮೇಲಂಚಿಗೆ, ಎಲುಬಿನ ಮೇಲೆ ಮಾತ್ರ. ಮೂಗಿನ ದಂಡೆಗೆ ಒಂದು ಎಳೆ, ಹುಬ್ಬಿನ ಮೇಲೆ ಒಂದು ಚುಕ್ಕೆ. ಸಫೇದ ಎಲ್ಲಿಯೂ ಇಲ್ಲ, ಪೌಡರೂ ಇಲ್ಲ. ಹೆಚ್ಚಾದ ಎಣ್ಣೆಯನ್ನು ಒಣ ಬಟ್ಟೆಯಿಂದ ಒತ್ತಿ ತೆಗೆಯುವುದು, ಅಷ್ಟೇ. ಗಿರಣಿಯಲ್ಲಿ ನಿಲ್ಲಿಸಿದ ದಿನ ಈರಬಸಪ್ಪ ಹೊರಗೆ ಬಂದು, ಅಂತೂ ಈಗ ಹೊಡೆಯುವುದು ಬಿಟ್ಟಿದ್ದೀ, ಮುಖದ ಮೇಲೆ ಕಳೆ ಬಂದಿದೆ ಎಂದು ಹೊಗಳಿದ. ಇಮಾಮಹುಸೇನ ಅದನ್ನು ಸರ್ಟಿಫಿಕೇಟು ಎಂದು ತೆಗೆದುಕೊಂಡ.

ಇಷ್ಟಾದರೂ ಗುರವ್ವನ ಮುಖ ಅವನಿಗೆ ಸಿಗಬೇಕಲ್ಲ. ಎಪ್ಪತ್ತೈದರ ನಾಟಕಕ್ಕೆ ಕಮಿಟಿ ಕೂತಾಗ, ಅವಳನ್ನು ಮತ್ತೆ ದಾಸಿಗೇ ಬರೆದಿದ್ದರು, ನಾಯಕಿ ಹುಬ್ಬಳ್ಳಿಯವಳು. ಇಪ್ಪತ್ತೊಂದು ವರ್ಷದಲ್ಲಿ ಕಮಿಟಿಯ ಮುಂದೆ ಬಾಯಿ ತೆರೆಯದ ಇಮಾಮಹುಸೇನ ಅಂದು ಎದ್ದು ನಿಂತು, ನಾಯಕಿ ಗುರವ್ವ ಆದರೆ ನಾನು ಬಣ್ಣದ ಪೆಟ್ಟಿಗೆ ತೆರೆಯುತ್ತೇನೆ, ಇಲ್ಲವಾದರೆ ಇಲ್ಲ ಎಂದ. ಕುಬೇರಪ್ಪನವರು ನಕ್ಕರು. ಹುಬ್ಬಳ್ಳಿಯಿಂದ ಬೇರೆ ಮೇಕಪ್ಪಿನವನನ್ನು ಕರೆಸಲು ಹೇಳಿ ಕಳಿಸಿದರೆ, ಆ ವಾರ ಅಲ್ಲಿಯವರೆಲ್ಲ ಬೇರೆ ಊರಿಗೆ ಒಪ್ಪಿಕೊಂಡಿದ್ದರು. ನಾನೂ ನನ್ನ ಹಾಡುಗಳು ಅವಳ ಬಾಯಲ್ಲೇ ಸರಿ ಎಂದೆ. ಹಿಂದಿನ ವರ್ಷ ನಕ್ಕ ಪಾಪಕ್ಕೆ ಅಷ್ಟಾದರೂ ಮಾಡಬೇಕಿತ್ತು.

"ಆಗಲಿ. ಆದ್ರ ನಾಯಕಿ ಬೆಳ್ಳಗ ಇರಬೇಕು" ಎಂದರು ಕುಬೇರಪ್ಪನವರು. "ನಾನೂ ಬೆಳ್ಳಗ ಇರಬೇಕು. ಹೋದ ವರ್ಸಕ್ಕಿಂತ ಒಂದು ಕೈ ಹೆಚ್ಚ ಹಚ್ಚು."

"ನಿಮಗ ನೀವ್ ಹೇಳಿದಂಗ ಹಚ್ತೇನ್ರಿ ಸಾವಕಾರ್ರ" ಎಂದ ಇಮಾಮಹುಸೇನ. ಅದರಲ್ಲಿ ಗುರವ್ವನ ಹೆಸರು ಇರಲಿಲ್ಲ ಎಂಬುದು ಕುಬೇರಪ್ಪನವರಿಗೆ ಹೊಳೆಯಲಿಲ್ಲ.

ನಾಟಕದ ದಿನ ಗುರವ್ವ ಸಂಜೆಗೆ ಮುಂಚೆ ಬಂದಳು. ಸಾಲೆಯ ಒಂದು ಕೋಣೆಯೇ ಮೇಕಪ್ ರೂಮು. ಅಲ್ಲೂ ಒಂದು ಟ್ಯೂಬ್ ಲೈಟು ಹಾಕಿಸಿದ್ದೆವು. ನಾಯಕಿ ನೀನೇ ಎಂದು ಪತ್ರ ಬರೆದಿದ್ದೆವು, ಅವಳು ನಂಬಿರಲಿಲ್ಲ, ದಾಸಿಯ ಸೀರೆಯನ್ನೇ ತಂದಿದ್ದಳು. ನಿಜ ಎಂದು ತಿಳಿದ ಮೇಲೆ ಮೂಲೆಯಲ್ಲಿ ಕೂತು, ತನ್ನದೇ ಪೌಡರ್ ಡಬ್ಬಿ, ತನ್ನದೇ ಕನ್ನಡಿ ತೆಗೆದಳು. ಇಮಾಮಹುಸೇನ ಹತ್ತಿರ ಹೋದಾಗ ತಲೆ ಎತ್ತಲಿಲ್ಲ.

"ನನ್ನ ಮಖಕ್ಕ ನಿಮ್ಮ ಕೈ ಬ್ಯಾಡ್ರಿ ಸಾಬರ. ಈ ಸಲ ನಗಿಸಿಕೊಂಡ್ರ ನಾ ಸ್ಟೇಜ್ ಹತ್ತೂದು ಇದೇ ಕಡೀದು. ನಗಿಸಿಕೊಳ್ಳೂದಾದ್ರೂ ನನ್ನ ಕೈಲೇ ಆಗಲಿ."

ಇಮಾಮಹುಸೇನ ವಾದ ಮಾಡುವವನಲ್ಲ. ಹೊರಗೆ ಹೋಗಿ ಶಮೀಮಾಬಿಯನ್ನು ಕರೆತಂದು, ಗುರವ್ವನ ಎದುರು ಸ್ಟೂಲಿನ ಮೇಲೆ ಟ್ಯೂಬ್ ಲೈಟಿನ ನೇರ ಕೆಳಗೆ ಕೂರಿಸಿದ. ಗುರವ್ವ ನೋಡಿದಳು, ಒಬ್ಬ ಹೆಣ್ಣುಮಗಳು ಬಂದು ಕೂತಿದ್ದಾಳೆ, ತನ್ನದೇ ಬಣ್ಣ, ಕಳೆಕಳೆಯಾಗಿದ್ದಾಳೆ. ಅಕ್ಕಾರು ಯಾರು ಎಂದು ಕೇಳಿದಳು. ನನ್ನ ಮನೆಯವಳು ಎಂದ ಅವನು, ಅವಳ ಮುಖಕ್ಕೆ ಏನು ಹಚ್ಚಿದ್ದೇನೆ ಹೇಳು ಎಂದ. ಏನೂ ಹಚ್ಚಿಲ್ಲವಲ್ಲ ಎಂದಳು ಗುರವ್ವ. ಶಮೀಮಾಬಿ ಸೆರಗಿನಿಂದ ಎಡಗೆನ್ನೆಯನ್ನು ಒರೆಸಿ ತೋರಿಸಿದಳು. ಸೆರಗಿಗೆ ಇಟ್ಟಂಗಿಯ ಕೆಂಪು, ಅದರ ಮೇಲೆ ತಾಮ್ರದ ಹೊಳಪು. ಒರೆಸಿದ ಕೆನ್ನೆ ಮೊದಲಿನ ಬಣ್ಣವೇ, ಬರೀ ದೀಪ ಸಣ್ಣ ಮಾಡಿದ ಹಾಗೆ.

"ಒಂದು ವರ್ಸ ನನ್ನ ಮಖದ ಮ್ಯಾಲ ಕಲತಾರವ್ವ" ಎಂದಳು ಶಮೀಮಾಬಿ. "ಹಸರ ಮಾಡಿದ್ರು, ಬಾಸುಂಡಿ ಎಬ್ಬಿಸಿದ್ರು. ಕಡೀಕ ನನ್ನ ಮಖಾ ನನಗ ಕೊಟ್ರು. ನೀ ಕೂಡ್ರು."

ಗುರವ್ವ ಒಂದು ಕೆನ್ನೆಗೆ ಮಾತ್ರ ಒಪ್ಪಿದಳು. ಮುಖದ ಇನ್ನರ್ಧಕ್ಕೆ ತನ್ನ ಪೌಡರನ್ನು ತಾನೇ ಹಾಕಿಕೊಂಡಳು, ಸರಿಯಾಗಿ ಹೋಲಿಸಬೇಕು ಎಂದು. ಇಮಾಮಹುಸೇನ ಮೊದಲು ಅವಳ ಚರ್ಮದ್ದೇ ಬಣ್ಣದ ಕಾವಿ ಎಣ್ಣೆಯನ್ನು ತೆಳ್ಳಗೆ ಸವರಿದ, ಮುಖದಿಂದ ಕತ್ತಿನ ತನಕ, ಎಲ್ಲಿಯೂ ಗೆರೆ ಉಳಿಯದಂತೆ. ಆಮೇಲೆ ಕೆಂಪು, ಆಮೇಲೆ ತಾಮ್ರ. ಮುಗಿದ ಮೇಲೆ ಅವಳು ಕನ್ನಡಿ ಹಿಡಿದಳು. ಅರ್ಧ ಮುಖ ಒಣಗಿದ ಸವಳು ನೆಲ, ಬೆಳ್ಳಗೆ ಉಪ್ಪು ಎದ್ದದ್ದು. ಇನ್ನರ್ಧ ಮಳೆ ಬಿದ್ದ ಮರುದಿನದ ಎರೆ ಹೊಲ. ಬಹಳ ಹೊತ್ತು ನೋಡಿದಳು. ಕನ್ನಡಿಯನ್ನು ಮಡಿಲಲ್ಲಿ ಬೋರಲು ಹಾಕಿ, ಪೌಡರಿನ ಅರ್ಧವನ್ನು ಒದ್ದೆ ಬಟ್ಟೆಯಿಂದ ತಾನೇ ಒರೆಸಿಕೊಂಡು, ಆ ಕೆನ್ನೆಯನ್ನು ಇವನ ಕಡೆ ತಿರುಗಿಸಿದಳು.

ಕುಬೇರಪ್ಪನವರಿಗೆ ಅವರು ಹೇಳಿದಂತೆಯೇ ಹಚ್ಚಲಾಯಿತು. ಅವರು ನಾಯಕಿಯನ್ನು ನೋಡಿದ್ದು ಪರದೆ ಎದ್ದ ಮೇಲೆ, ಆಗ ಬೈಯುವಂತಿರಲಿಲ್ಲ. ಗುರವ್ವ ಬೆಳಕಿಗೆ ಬಂದಳು. ಅವಳು ತಲೆ ತಿರುಗಿಸಿದಾಗಲೆಲ್ಲ ಕೆನ್ನೆಯ ಎಲುಬಿನ ಮೇಲೆ ಬೆಳಕು ಹರಿದು ಹೋಗುತ್ತಿತ್ತು, ಕಡೆಯ ಸಾಲಿನವರಿಗೂ ಮುಖ ಓದಲು ಬರುತ್ತಿತ್ತು. ಅವಳ ಬಾಜು ಕುಬೇರಪ್ಪನವರು ಬಂದು ನಿಂತಾಗ, ಸಾವಕಾರರು ಗಿರಣಿಯಿಂದ ನೇರ ಬಂದಿದ್ದಾರೆ ಎಂದು ಯಾರೋ ಹೇಳಿದರು. ನಗೆ ಎದ್ದಿತು, ಈರಬಸಪ್ಪನೂ ನಕ್ಕ. ಮೊದಲ ಅಂಕ ಮುಗಿದೊಡನೆ ಕುಬೇರಪ್ಪನವರು ಒಳಗೆ ಬಂದು ಸ್ಟೂಲಿನ ಮೇಲೆ ಕೂತು ಮುಖವನ್ನು ಮುಂದೆ ಮಾಡಿದರು. ಇಮಾಮಹುಸೇನ ಒದ್ದೆ ಬಟ್ಟೆ ತೆಗೆದುಕೊಂಡ. ನಾಯಕನ ಮೈಬಣ್ಣ ಎರಡನೆಯ ಅಂಕದಲ್ಲಿ ಯಾಕೆ ಬದಲಾಯಿತು ಎಂದು ಯಾರೂ ಕೇಳಲಿಲ್ಲ, ನಾನೂ ನಾಟಕದಲ್ಲಿ ಕಾರಣ ಬರೆದಿರಲಿಲ್ಲ.

ಮೂರನೆಯ ಅಂಕದಲ್ಲಿ ಗುರವ್ವ ಅತ್ತಳು. ಕಣ್ಣೀರು ಎಣ್ಣೆಯ ಮೇಲೆ ಜಾರಿ ಕೆನ್ನೆಯ ಹೊಳಪಿನಲ್ಲೇ ಸೇರಿಹೋಯಿತು, ಗೆರೆ ಬೀಳಲಿಲ್ಲ. ಹೆಂಗಸರ ಕಡೆಯಿಂದ ಮೂಗು ಸೀಟುವ ಸದ್ದು ಬಂತು. ನಾನು ಮಾತು ಎತ್ತಿಕೊಡುವುದನ್ನು ಮರೆತೆ. ಅವಳಿಗೆ ಅದು ಬೇಕಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಒಂಬತ್ತರ ಗದಗ ಬಸ್ಸಿಗೆ ಅವಳನ್ನು ಕಳಿಸಲು ನಾನು, ಇಮಾಮಹುಸೇನ, ಶಮೀಮಾಬಿ ಹೋಗಿದ್ದೆವು. ಗುರವ್ವ ಸಾಬೂನು ಹಚ್ಚಿ ಮುಖ ತೊಳೆದುಕೊಂಡಿದ್ದಳು, ಹಳೇ ಸೀರೆ, ಕೈಯಲ್ಲಿ ಗಂಟು. ಬಸ್ ಸ್ಟ್ಯಾಂಡಿನಲ್ಲಿ ನಾಟಕದ ಮಾತೇ ನಡೆದಿತ್ತು. ಅವಳು ಒಂದು ಬದಿಗೆ ಸರಿದು, ಗೋಡೆಯ ಕಡೆ ಮುಖ ಮಾಡಿ ನಿಂತಳು. ಹಾಗೆ ಯಾಕೆ ನಿಂತೆ ಎಂದು ಶಮೀಮಾಬಿ ಕೇಳಿದಳು. ಎಲ್ಲಾ ಊರಿನಲ್ಲೂ ಹೀಗೇ ಅಕ್ಕಾ ಎಂದಳು ಗುರವ್ವ, ರಾತ್ರಿ ಬಣ್ಣದ ಮುಖವನ್ನು ನೋಡಿದವರು ಬೆಳಿಗ್ಗೆ ನನ್ನ ಬಾಜುವಿಗೇ ನಿಂತು ನನ್ನ ಪಾರ್ಟಿನ ಮಾತಾಡುತ್ತಾರೆ, ಯಾರಿಗೂ ಗುರುತು ಹತ್ತುವುದಿಲ್ಲ, ಅಭ್ಯಾಸವಾಗಿದೆ ಎಂದಳು.

ಆಗ ಅನ್ನವ್ವ ಬಂದಳು. ಎಪ್ಪತ್ತು ದಾಟಿದ ಮುದುಕಿ, ಮಗಳ ಊರಿಗೆ ಹೊರಟವಳು, ಕಣ್ಣಿಗೆ ಪೊರೆ ಬೇರೆ. ಬಸ್ಸಿಗೆ ನಿಂತವರನ್ನೆಲ್ಲ ದಾಟಿ ನೇರ ಗುರವ್ವನ ಹತ್ತಿರ ಹೋಗಿ, ತೋಳು ಹಿಡಿದು ಬೆಳಕಿಗೆ ತಿರುಗಿಸಿದಳು.

"ನಿನ್ನಿ ಅತ್ತಾಕಿ ನೀನೇ ಅಲ್ಲೇನು, ನನ್ನ ಮಗಳ?"

ಅನ್ನವ್ವ ಒರಟು ಅಂಗೈಯಿಂದ ಆ ತೊಳೆದ ಕೆನ್ನೆಯನ್ನು ಸವರಿದಳು, ಅಂಗೈ ನೋಡಿಕೊಂಡಳು, ಅಲ್ಲಿ ಏನೂ ಹತ್ತಿರಲಿಲ್ಲ. ಇದೇ ಮುಖ, ಇದೇ ಎಂದು ಹಿಂದಿನವರಿಗೆ ಹೇಳಿದಳು. ಜನ ತಿರುಗಿ ನೋಡಿದರು, ಒಬ್ಬೊಬ್ಬರಾಗಿ ಹತ್ತಿರ ಬಂದರು. ಅತ್ತೆ ಹಾಗೆ ಮಾಡಬಾರದಿತ್ತು ಎಂದು ಒಬ್ಬಳು ಸಮಾಧಾನ ಹೇಳಿದಳು, ಅದು ನಾಟಕ ಎಂದು ಗೊತ್ತಿದ್ದೂ.

ಬಸ್ಸು ಬಂತು. ಕಂಡಕ್ಟರ್ ಎರಡು ಸಲ ಸೀಟಿ ಊದಿದ. ಗುರವ್ವ ಗಂಟನ್ನು ಕೆಳಗಿಟ್ಟು ಜನರ ನಡುವೆ ಅಳುತ್ತ ನಗುತ್ತ ನಿಂತೇ ಇದ್ದಳು, ಗೋಡೆಯ ಕಡೆ ಈಗ ಅವಳ ಬೆನ್ನು. ಆ ಬಸ್ಸನ್ನು ಅವಳು ಬಿಟ್ಟಳು. ಮುಂದಿನದು ಹನ್ನೊಂದೂವರೆಗೆ ಇತ್ತು.